ಋತುಚಕ್ರವನ್ನು ಹಿಂದಿನಿಂದ ಓದಿ: ಎಂಟನೇ ತರಗತಿಯ ಪರೀಕ್ಷೆಗೆ

ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹದಿಹರೆಯದ ಪಾಠ ಮುಗಿದ ಮೇಲೆ ಪ್ರತಿ ವರ್ಷ ಒಂದೇ ಲೆಕ್ಕ ಕೊಡುತ್ತೇನೆ. ಒಬ್ಬಳಿಗೆ ಜೂನ್ 3ಕ್ಕೆ ಮುಟ್ಟು ಶುರುವಾಗಿ 7ಕ್ಕೆ ನಿಂತಿತು. ಮುಂದಿನ ಮುಟ್ಟು ಬಂದದ್ದು ಜುಲೈ 5ಕ್ಕೆ. ಈ ಚಕ್ರ ಎಷ್ಟು ದಿನದ್ದು? ಅಂಡ ಬಿಡುಗಡೆಯಾದದ್ದು ಯಾವ ದಿನದ ಆಸುಪಾಸಿನಲ್ಲಿ?

ಹೋದ ಮಳೆಗಾಲದಲ್ಲಿ ಅಣ್ಣನ ಮಗಳು ಪರೀಕ್ಷೆಗೆ ಓದಲೆಂದು ನಮ್ಮ ಮನೆಗೆ ಬಂದಿದ್ದಳು. ಅವಳಿಗೂ ಇದನ್ನೇ ಕೊಟ್ಟೆ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕವನ್ನೂ ಆಳುಗಳ ಲೆಕ್ಕವನ್ನೂ ಗೀಚಿದ ಕ್ಯಾಲೆಂಡರ್ ಇದೆ. ಅದರ ಮುಂದೆ ನಿಂತು ಬೆರಳಿಟ್ಟು ಎಣಿಸಿದಳು. "ನೋಡತ್ತೆ, ಸರಿಯಾಗಿ ಇಪ್ಪತ್ತೆಂಟು ಬಂತು!" ಪುಸ್ತಕದಲ್ಲಿರುವ ಅಂಕಿಯೇ ಬಂದದ್ದಕ್ಕೆ ಅವಳಿಗೆ ಖುಷಿ. ಆದರೆ ಅವಳು ಎಣಿಸಿದ್ದು ಸ್ರಾವ ನಿಂತ ದಿನದಿಂದ, ಅಂದರೆ ಜೂನ್ 7ರಿಂದ. ಅಂಡದ ದಿನ ಹುಡುಕುವಾಗ ಮಾತ್ರ ಜೂನ್ 3ಕ್ಕೆ ಹಿಂದೆ ಬಂದು, ಅಲ್ಲಿಂದ ಹದಿನಾಲ್ಕನೆಯ ದಿನವೆಂದು ಜೂನ್ 16 ಬರೆದಳು. ಎರಡೂ ಉತ್ತರ ತಪ್ಪು. ನನ್ನ ತರಗತಿಯಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರೆಯುವುದು 28 ಮತ್ತು 14 ಎಂದೇ, ಏಕೆಂದರೆ ಆ ಎರಡು ಅಂಕಿಗಳು ಅವರಿಗೆ ಬಾಯಿಪಾಠ.

ಈ ಒಂದು ಲೆಕ್ಕವನ್ನು ಅರ್ಥ ಮಾಡಿಕೊಂಡು ಬಿಡಿಸಬಲ್ಲವರಿಗೆ ಪಾಠದ ನಾಲ್ಕೂ ಹಾರ್ಮೋನುಗಳು ತಾವಾಗಿ ನೆನಪಿನಲ್ಲಿ ಉಳಿಯುತ್ತವೆ. ಆದ್ದರಿಂದ ಅದನ್ನೇ ಬಿಡಿಸುತ್ತಾ ಹೋಗೋಣ. ಒಂದು ಬಿಳಿ ಹಾಳೆ, ಪೆನ್ಸಿಲ್, ಅಡಿಪಟ್ಟಿ ಇಟ್ಟುಕೊಳ್ಳಿ.

ಮೊದಲು, ಯಾರು ಯಾರಿಗೆ ಹೇಳುತ್ತಾರೆ ಎಂದು ಬರೆದುಕೊಳ್ಳಿ

ಹಾಳೆಯ ಮೇಲ್ಭಾಗದಲ್ಲಿ ಮೂರು ಹೆಸರು ಬರೆಯಿರಿ: ಹೈಪೋಥಲಾಮಸ್, ಪಿಟ್ಯುಟರಿ, ಅಂಡಾಶಯ. ಮೊದಲಿನದು ಮೆದುಳಿನ ಒಂದು ಭಾಗ. ಎರಡನೆಯದು ಅದರ ಕೆಳಗೆ ತೂಗುವ ಬಟಾಣಿ ಗಾತ್ರದ ಗ್ರಂಥಿ. ಮೂರನೆಯದು ಕಿಬ್ಬೊಟ್ಟೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಅಂಗ. ಮೇಲಿನಿಂದ ಕೆಳಕ್ಕೆ ಬಾಣ ಎಳೆಯಿರಿ.

ಬಾಲ್ಯದಲ್ಲಿ ಈ ದಾರಿ ಹೆಚ್ಚುಕಡಿಮೆ ಮೌನವಾಗಿರುತ್ತದೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಹೈಪೋಥಲಾಮಸ್ ಆಗಾಗ ಒಂದೊಂದು ಸೂಚನೆ ಕಳಿಸತೊಡಗುತ್ತದೆ. ಮೊದಮೊದಲು ಅದು ರಾತ್ರಿ ನಿದ್ದೆಯಲ್ಲೇ ಹೆಚ್ಚು. ಆ ಸೂಚನೆ ಸಿಕ್ಕ ಪಿಟ್ಯುಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳ ಹೆಸರು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್.

ಇಲ್ಲಿ ಪರೀಕ್ಷೆಯಲ್ಲಿ ಬಹಳ ಜನ ಎಡವುತ್ತಾರೆ. ಈ ಎರಡು ಹಾರ್ಮೋನುಗಳು ಹುಡುಗಿಯರಿಗೆ ಮಾತ್ರ ಸೇರಿದವಲ್ಲ. ಹುಡುಗರ ಪಿಟ್ಯುಟರಿಯಿಂದ ಬರುವುದೂ ಇವೇ ಎರಡು. ವ್ಯತ್ಯಾಸ ಇರುವುದು ಕೇಳಿಸಿಕೊಳ್ಳುವ ಅಂಗದಲ್ಲಿ. ಹುಡುಗಿಯಲ್ಲಿ ಅಂಡಾಶಯ ಕೇಳಿಸಿಕೊಂಡು ಈಸ್ಟ್ರೋಜನ್ ತಯಾರಿಸುತ್ತದೆ, ಹುಡುಗನಲ್ಲಿ ವೃಷಣ ಕೇಳಿಸಿಕೊಂಡು ಟೆಸ್ಟೋಸ್ಟಿರಾನ್ ತಯಾರಿಸುತ್ತದೆ. ಹಾರ್ಮೋನಿಗೆ ನಾಳವಿಲ್ಲ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಎಫ್‌ಎಸ್‌ಎಚ್ ಕಾಲಿನ ಹೆಬ್ಬೆರಳಿಗೂ ತಲುಪುತ್ತದೆ, ಆದರೆ ಅದನ್ನು ಹಿಡಿಯುವ ಗ್ರಾಹಕ ಹೆಬ್ಬೆರಳಿನಲ್ಲಿ ಇಲ್ಲ. "ಗುರಿ ಅಂಗ ಎಂದರೇನು" ಎಂಬ ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು: ಆ ಹಾರ್ಮೋನಿನ ಗ್ರಾಹಕಗಳಿದ್ದು, ಅದಕ್ಕೆ ಸ್ಪಂದಿಸುವ ಅಂಗ.

ದ್ವಿತೀಯಕ ಲೈಂಗಿಕ ಲಕ್ಷಣಗಳನ್ನೂ ಹೀಗೇ ಕಾರಣದ ಜೊತೆ ಬರೆಯಿರಿ, ಬರೀ ಪಟ್ಟಿ ಮಾಡಬೇಡಿ. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಾಡಗೀತೆ ಎತ್ತಿಕೊಡುತ್ತಿದ್ದ ಹುಡುಗನೊಬ್ಬ ಎಂಟನೇ ತರಗತಿಯ ನಡುವೆ ಹಾಡುವುದನ್ನೇ ನಿಲ್ಲಿಸಿಬಿಟ್ಟ. ಮೇಲಿನ ಸ್ವರ ಹಿಡಿಯುವಾಗ ದನಿ ಒಡೆದು, ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಟೆಸ್ಟೋಸ್ಟಿರಾನ್‌ನಿಂದ ಅವನ ಧ್ವನಿಪೆಟ್ಟಿಗೆ ದೊಡ್ಡದಾಗಿತ್ತು, ಒಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿದ್ದವು. ಹೊಸ ಅಳತೆಯ ತಂತಿಗೆ ಗಂಟಲಿನ ಸ್ನಾಯುಗಳು ಇನ್ನೂ ಒಗ್ಗಿರಲಿಲ್ಲ. ಇದನ್ನು ಅವನಿಗೆ ಯಾರಾದರೂ ಆ ವಾರವೇ ಹೇಳಿದ್ದರೆ ಅಷ್ಟು ಕುಗ್ಗುತ್ತಿರಲಿಲ್ಲ. ಅವನ ತರಗತಿ ನನ್ನದಲ್ಲವೆಂದು ನಾನು ಸುಮ್ಮನಿದ್ದೆ. ಅದು ಇಂದಿಗೂ ನನಗೆ ನೋವು.

ಈಗ ಗೆರೆ ಎಳೆದು, ಹಿಂದಿನಿಂದ ಕೇಳಿ

ಹಾಳೆಯ ಮಧ್ಯೆ ಅಡ್ಡಲಾಗಿ 28 ಸೆಂಟಿಮೀಟರಿನ ಗೆರೆ ಎಳೆಯಿರಿ. ಹಾಳೆ ಸಾಲದಿದ್ದರೆ 14 ಸೆಂಟಿಮೀಟರ್ ಸಾಕು, ಆಗ ಅರ್ಧ ಸೆಂಟಿಮೀಟರಿಗೆ ಒಂದು ದಿನ. ಎಡತುದಿಯ ಮೊದಲ ಭಾಗ 1ನೇ ದಿನ, ಬಲತುದಿಯ ಕೊನೆಯ ಭಾಗ 28ನೇ ದಿನ. ಸ್ರಾವ ಕಾಣಿಸಿಕೊಂಡ ದಿನವೇ 1ನೇ ದಿನ. ನಿಂತ ದಿನವಲ್ಲ, ಸ್ನಾನ ಮಾಡಿ ಒಳಗೆ ಬಂದ ದಿನವೂ ಅಲ್ಲ. ನಮ್ಮ ಕಡೆ ಹಳೆಯ ಮನೆಗಳಲ್ಲಿ ನಾಲ್ಕನೆಯ ದಿನದ ಸ್ನಾನದಿಂದ ಲೆಕ್ಕ ಹಿಡಿಯುವ ರೂಢಿ ಇರುವುದರಿಂದ ಮಕ್ಕಳ ಮನಸ್ಸಿನಲ್ಲೂ ಅದೇ ಕೂತಿರುತ್ತದೆ. ಪರೀಕ್ಷೆಗೆ ಅದನ್ನು ಬಿಡಬೇಕು.

ಗೆರೆಯ ಎಡದಿಂದ ಬಲಕ್ಕೆ ಓದುತ್ತಾ ಹೋದರೆ ಹಾರ್ಮೋನುಗಳ ಹೆಸರು ಒಂದರ ಮೇಲೊಂದು ಬಂದು ಗೊಂದಲವಾಗುತ್ತದೆ. ಅದಕ್ಕೆ ನಾನು ಬಲತುದಿಯಿಂದ ಪ್ರಶ್ನೆ ಕೇಳಿಸುತ್ತೇನೆ.

ಸ್ರಾವ ಯಾಕೆ ಆಯಿತು? ಗರ್ಭಕೋಶದ ಒಳಪದರ ಕಳಚಿ ಬಿತ್ತು, ಅದಕ್ಕೆ. ಒಳಪದರ ಯಾಕೆ ಕಳಚಿತು? ಅದನ್ನು ಹಿಡಿದಿಟ್ಟಿದ್ದ ಪ್ರೊಜೆಸ್ಟಿರಾನ್ ಕುಸಿಯಿತು. ಪ್ರೊಜೆಸ್ಟಿರಾನ್ ಯಾಕೆ ಕುಸಿಯಿತು? ಅದನ್ನು ತಯಾರಿಸುತ್ತಿದ್ದ ಹಳದಿ ಗಂಟು ಒಣಗಿಹೋಯಿತು. ಆ ಗಂಟು ಎಲ್ಲಿಂದ ಬಂತು? ಅಂಡವನ್ನು ಹೊರಗೆ ಬಿಟ್ಟ ಮೇಲೆ ಅಂಡಾಶಯದಲ್ಲಿ ಉಳಿದ ಖಾಲಿ ಚೀಲವೇ ಆ ಗಂಟು. ಚೀಲ ಒಡೆದು ಅಂಡ ಹೊರಬಂದದ್ದು ಹೇಗೆ? ಎಲ್‌ಎಚ್ ಏಕಾಏಕಿ ಏರಿತು. ಎಲ್‌ಎಚ್ ಏರಿದ್ದು ಯಾಕೆ? ಚೀಲ ಬೆಳೆಯುತ್ತಾ ಬಿಟ್ಟ ಈಸ್ಟ್ರೋಜನ್ ಮೇಲ್ಮಟ್ಟ ತಲುಪಿ ಎರಡು ದಿನ ಅಲ್ಲೇ ನಿಂತಿತು. ಚೀಲ ಬೆಳೆದದ್ದು ಯಾರ ಮಾತಿಗೆ? ಎಫ್‌ಎಸ್‌ಎಚ್ ಮಾತಿಗೆ.

ಏಳು "ಯಾಕೆ"ಗಳಲ್ಲಿ ನಾಲ್ಕೂ ಹಾರ್ಮೋನು ಬಂದವು, ಒಂದಕ್ಕೊಂದು ಕಾರಣವಾಗಿ. ಈ ಸರಪಳಿಯನ್ನು ಪುಸ್ತಕ ಮುಚ್ಚಿ ಎರಡು ಸಲ ಬಾಯಲ್ಲಿ ಹೇಳಿ. ಆಮೇಲೆ ಗೆರೆಯ ಮೇಲೆ ಗುರುತು ಹಾಕಿ.

1ರಿಂದ 5ನೇ ದಿನದವರೆಗೆ ಕೆಂಪು ಪೆನ್ಸಿಲ್. ಸ್ರಾವ ಕೆಲವರಿಗೆ 2 ದಿನ, ಕೆಲವರಿಗೆ 7 ದಿನ ಇರಬಹುದು. ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. ನೋಡುವವರಿಗೆ ಅದಕ್ಕಿಂತ ಜಾಸ್ತಿ ಅನ್ನಿಸುವುದು, ರಕ್ತದ ಜೊತೆ ಕಳಚಿದ ಒಳಪದರವೂ ಲೋಳೆಯೂ ಸೇರಿರುವುದರಿಂದ.

5ರಿಂದ 13ರವರೆಗೆ ಏರುವ ಗೆರೆ, ಈಸ್ಟ್ರೋಜನ್ನಿನದು. ಅಂಡಾಶಯದ ಒಂದು ಚೀಲ ಉಳಿದವನ್ನು ಹಿಂದೆ ಹಾಕಿ ಬೆಳೆದು ಸುಮಾರು 2 ಸೆಂಟಿಮೀಟರ್ ಆಗುತ್ತದೆ, ಒಂದು ಸಣ್ಣ ಬೆಟ್ಟದ ನೆಲ್ಲಿಕಾಯಿಯಷ್ಟು. ಅದರೊಳಗಿನ ಅಂಡ ಮಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗ. ಇದೇ ದಿನಗಳಲ್ಲಿ ಗರ್ಭಕೋಶದ ಒಳಪದರವೂ ಮತ್ತೆ ದಪ್ಪವಾಗುತ್ತದೆ.

14ಕ್ಕೆ ಒಂದು ಚುಕ್ಕೆ, ಅಂಡ ಬಿಡುಗಡೆ. ಎಲ್‌ಎಚ್ ಏರತೊಡಗಿ ಸುಮಾರು ಒಂದೂವರೆ ದಿನಕ್ಕೆ ಇದು ಆಗುತ್ತದೆ. ಹೊರಬಂದ ಅಂಡಕ್ಕೆ ಆಯಸ್ಸು ಒಂದು ದಿನದಷ್ಟು.

15ರಿಂದ 28ರವರೆಗೆ ಗುಡ್ಡದ ಆಕಾರದ ಗೆರೆ, ಪ್ರೊಜೆಸ್ಟಿರಾನ್‌ದು. ಏರಿ, 21ರ ಸುಮಾರಿಗೆ ನೆತ್ತಿ ಮುಟ್ಟಿ, ಕೊನೆಗೆ ಇಳಿಯುತ್ತದೆ. ಅದನ್ನು ಬಿಡುವ ಗಂಟು ನೋಡಲು ನಿಜಕ್ಕೂ ಹಳದಿ. ಪುಸ್ತಕದ ಹೆಸರು ಕಾರ್ಪಸ್ ಲೂಟಿಯಂ, ಲ್ಯಾಟಿನ್ನಿನಲ್ಲಿ ಅದರ ಅರ್ಥವೂ ಹಳದಿ ಕಾಯ ಎಂದೇ. ಭ್ರೂಣ ಬಂದು ನೆಲೆಸಿದರೆ ಅದರಿಂದಲೇ ಹೊರಡುವ ಇನ್ನೊಂದು ಹಾರ್ಮೋನು ಈ ಗಂಟನ್ನು ಉಳಿಸುತ್ತದೆ. ಆಗ ಪ್ರೊಜೆಸ್ಟಿರಾನ್ ಕುಸಿಯುವುದಿಲ್ಲ, ಮುಟ್ಟೂ ಬರುವುದಿಲ್ಲ. ಭ್ರೂಣ ಬರದಿದ್ದರೆ ಗಂಟು ಸುಮಾರು 14 ದಿನಕ್ಕೆ ಒಣಗುತ್ತದೆ. ಈ 14ನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದು ಸುತ್ತು ಹಾಕಿ. ನಮ್ಮ ಲೆಕ್ಕದ ಕೀಲಿ ಇದೇ.

ಅಬ್ಬಿ ನೀರಿನ ಟ್ಯಾಂಕು

ಮುಟ್ಟು ಬಂದ ಕೂಡಲೇ ಇನ್ನೊಂದು ಚಕ್ರ ಹೇಗೆ ಶುರುವಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಮನೆಯ ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕು ತುಂಬಿದಾಗ ತೇಲುವ ಚೆಂಡು ಮೇಲೆದ್ದು ಬಾಯಿ ಮುಚ್ಚುತ್ತದೆ, ನೀರು ಇಳಿದಾಗ ಚೆಂಡೂ ಇಳಿದು ಬಾಯಿ ತೆರೆಯುತ್ತದೆ. ಪಿಟ್ಯುಟರಿಯ ಬಾಯಿಯೂ ಹೀಗೇ. ಚಕ್ರದ ಕೊನೆಯ ಎರಡು ವಾರ ರಕ್ತದಲ್ಲಿ ಪ್ರೊಜೆಸ್ಟಿರಾನ್, ಈಸ್ಟ್ರೋಜನ್ ಎರಡೂ ತುಂಬಿರುತ್ತವೆ, ಆದ್ದರಿಂದ ಎಫ್‌ಎಸ್‌ಎಚ್ ಹೆಚ್ಚು ಬರುವುದಿಲ್ಲ, ಹೊಸ ಚೀಲ ಬೆಳೆಯುವುದಿಲ್ಲ. ಹಳದಿ ಗಂಟು ಒಣಗಿ ಎರಡೂ ಇಳಿದಾಗ ಒಂದು ಕಡೆ ಒಳಪದರ ಕಳಚುತ್ತದೆ, ಇನ್ನೊಂದು ಕಡೆ ಎಫ್‌ಎಸ್‌ಎಚ್ ಮತ್ತೆ ಏರುತ್ತದೆ. ಕುಸಿತ ಒಂದೇ, ಅದರಿಂದ ಆಗುವ ಕೆಲಸ ಎರಡು. ಹಾಗಾಗಿ 1ನೇ ದಿನ ಹಳೆಯ ಚಕ್ರದ ಅಂತ್ಯವೂ ಹೌದು, ಹೊಸ ಅಂಡದ ಬೆಳವಣಿಗೆಯ ಆರಂಭವೂ ಹೌದು.

ಟ್ಯಾಂಕಿನ ಹೋಲಿಕೆ ಒಂದು ಕಡೆ ಮಾತ್ರ ಕೆಲಸ ಮಾಡುವುದಿಲ್ಲ. 13ನೇ ದಿನದ ಸುಮಾರಿಗೆ ಈಸ್ಟ್ರೋಜನ್ ತುಂಬಿ ತುಳುಕುವಾಗ ಬಾಯಿ ಮುಚ್ಚಬೇಕಿತ್ತು, ಆದರೆ ಆಗಲೇ ಅದು ಪೂರ್ತಿ ತೆರೆದು ಎಲ್‌ಎಚ್ ಧುಮುಕುತ್ತದೆ. ಇಡೀ ಚಕ್ರದಲ್ಲಿ ಹೀಗೆ ತಿರುಗುಮುರುಗಾಗುವುದು ಇದೊಂದೇ ಸಲ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಈ ತಿರುವು ಇನ್ನೂ ಪಳಗಿರುವುದಿಲ್ಲ. ಅದರ ಪರಿಣಾಮಕ್ಕೆ ಆಮೇಲೆ ಬರುತ್ತೇನೆ.

ಲೆಕ್ಕ ಬಿಡಿಸುವುದು

ಜೂನ್ 3ರಿಂದ ಜುಲೈ 5. ಚಕ್ರದ ಉದ್ದವೆಂದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ. ಜೂನ್‌ನಲ್ಲಿ 3ರಿಂದ 30ರವರೆಗೆ, 3ನ್ನೂ ಸೇರಿಸಿ, 28 ದಿನ. ಜುಲೈ 1ರಿಂದ 4ರವರೆಗೆ 4 ದಿನ. ಒಟ್ಟು 32. ಜುಲೈ 5ನ್ನು ಸೇರಿಸಿದರೆ 33 ಆಗುತ್ತದೆ, ಅದು ತಪ್ಪು. ಆ ದಿನ ಮುಂದಿನ ಚಕ್ರಕ್ಕೆ ಸೇರಿದ್ದು.

ಈಗ ಅಂಡದ ದಿನ. 32 ದಿನದ ಚಕ್ರದಲ್ಲಿ ಮಿಕ್ಕ 4 ದಿನ ಎಲ್ಲಿ ಸೇರಿಕೊಂಡವು? ಹಳದಿ ಗಂಟಿನ ಆಯಸ್ಸು ಹೆಚ್ಚು ಬದಲಾಗುವುದಿಲ್ಲ, ಸುಮಾರು 14 ದಿನವೇ. ಚೀಲ ಬೆಳೆಯಲು ಹಿಡಿಯುವ ಕಾಲ ಮಾತ್ರ ಒಬ್ಬರಿಂದೊಬ್ಬರಿಗೆ, ಒಂದು ತಿಂಗಳಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ 4 ದಿನ ಸೇರಿದ್ದು ಮೊದಲಿನ ಭಾಗಕ್ಕೆ. ಕೊನೆಯ 14 ದಿನವನ್ನು ಹಿಂದಿನಿಂದ ತೆಗೆದಿಡಿ: 19ರಿಂದ 32. ಅದರ ಹಿಂದಿನ ದಿನ 18. ಜೂನ್ 3 ಒಂದನೆಯ ದಿನವಾದರೆ 18ನೆಯ ದಿನ ಜೂನ್ 20. ಸೂತ್ರವಾಗಿ ಬೇಕೆಂದರೆ ಚಕ್ರದ ಉದ್ದದಲ್ಲಿ 14 ಕಳೆಯುವುದು, ಅಷ್ಟೇ. 28 ದಿನದ ಚಕ್ರದಲ್ಲಿ ಕಳೆದರೂ 14, ಅದಕ್ಕೇ ಎಲ್ಲರಿಗೂ ಭ್ರಮೆ. ಅರ್ಧ ಮಾಡಿ 16 ಎಂದು ಬರೆಯುವವರೂ ಇದ್ದಾರೆ, ಅವರಿಗೂ 28ರಲ್ಲಿ ಉತ್ತರ ಸರಿ ಬಂದುಬಿಡುತ್ತದೆ. ನಾನು ಬೇಕೆಂದೇ 32 ಕೊಡುವುದು ಇದಕ್ಕೆ.

ಹೀಗೆ ಹಿಂದಿನಿಂದ ಎಣಿಸಬೇಕೆಂದು ತೋರಿಸಿದವರಲ್ಲಿ ಜಪಾನಿನ ವೈದ್ಯ ಕ್ಯುಸಾಕು ಓಗಿನೊ ಮೊದಲಿಗರು. ಅಂಡ ಬಿಡುಗಡೆ ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಆಗುತ್ತದೆ ಎಂದು ಅವರು 1924ರಲ್ಲಿ ಬರೆದರು. 12ರಿಂದ 16 ಎಂಬ ಆ ಸಡಿಲವನ್ನು ಗಮನಿಸಿ. ಉತ್ತರದಲ್ಲಿ "18ನೇ ದಿನದ ಆಸುಪಾಸು" ಎಂದು ಬರೆಯಬೇಕು, ಖಡಾಖಂಡಿತವಾಗಿ "18ನೇ ದಿನವೇ" ಎಂದಲ್ಲ. ಇನ್ನೊಂದು ಮಿತಿಯೂ ಇದೆ. ಮುಂದಿನ ಮುಟ್ಟು ಬಂದ ಮೇಲೆ ಮಾತ್ರ ಈ ಲೆಕ್ಕ ಮಾಡಲು ಸಾಧ್ಯ. ಮುಂದಾಗಿ ಊಹಿಸಲು ಇದನ್ನು ನಂಬಬಾರದು.

ಉತ್ತರಪತ್ರಿಕೆಯಲ್ಲಿ ನನಗೆ ಸಿಗುವ ತಪ್ಪುಗಳು

"ಅಂಡ ಒಡೆದು ರಕ್ತ ಬರುತ್ತದೆ" ಎಂದು ಬರೆಯುತ್ತಾರೆ. ಒಡೆಯುವುದು ಅಂಡಾಶಯದ ಚೀಲ, ಅದು ಎರಡು ವಾರ ಮೊದಲೇ ಆಗಿ ಹೋಗಿರುತ್ತದೆ. ಸ್ರಾವ ಬರುವುದು ಗರ್ಭಕೋಶದಿಂದ. "ಪ್ರೊಜೆಸ್ಟಿರಾನ್ ಹೆಚ್ಚಾದಾಗ ಮುಟ್ಟು ಬರುತ್ತದೆ" ಎಂಬುದೂ ಆಗಾಗ ಸಿಗುತ್ತದೆ. ಇಳಿದಾಗ ಬರುತ್ತದೆ. ಹಿಂದಿನಿಂದ ಪ್ರಶ್ನೆ ಕೇಳುವ ಅಭ್ಯಾಸ ಮಾಡಿದವರು ಈ ಎರಡನ್ನೂ ತಪ್ಪುವುದಿಲ್ಲ.

ಮೂರನೆಯದು ನನಗೆ ಹೆಚ್ಚು ಸಂಕಟ ಕೊಡುವುದು: "ದೇಹದ ಕೆಟ್ಟ ರಕ್ತ ಹೊರಹೋಗುತ್ತದೆ." ಇದು ಮಕ್ಕಳು ಪುಸ್ತಕದಿಂದ ಕಲಿತದ್ದಲ್ಲ. ನಾನು ಚಿಕ್ಕವಳಿದ್ದಾಗ ಆಟಿ ಮಳೆಯಲ್ಲಿ ಮೂರು ದಿನ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತಿದ್ದೇನೆ, ಬೇರೆ ಚಾಪೆ, ಬೇರೆ ಲೋಟ. ಯಾಕೆಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಇದೇ ಮಾತು. ಅಜ್ಜಿಗೂ ಬೇರೆ ಯಾರೂ ಹೇಳಿರಲಿಲ್ಲ. ಆ ರಕ್ತ ಕೈಗೆ ಮುಳ್ಳು ಚುಚ್ಚಿದಾಗ ಬರುವ ರಕ್ತದಂಥದ್ದೇ. ಜೊತೆಗಿರುವುದು ಭ್ರೂಣಕ್ಕೆಂದು ಹಾಸಿದ್ದ, ಈ ಸಲ ಬೇಕಾಗದ ಪದರ. "ಕೆಟ್ಟ" ಎಂಬ ಪದಕ್ಕೆ ನಾನು ಅಂಕ ಕಳೆಯುತ್ತೇನೆ, ಮತ್ತು ಆ ಮಗುವನ್ನು ಕರೆದು ಹೀಗೆ ವಿವರಿಸುತ್ತೇನೆ.

28 ಬರದ ಹುಡುಗಿಯರಿಗೆ

ಈ ಪಾಠ ಓದುವಾಗ ಎಷ್ಟೋ ಹುಡುಗಿಯರು ತಮ್ಮ ದಿನ ಎಣಿಸಿ ನೋಡಿ ಗಾಬರಿಯಾಗುತ್ತಾರೆ. ಒಮ್ಮೆ 24 ದಿನಕ್ಕೆ, ಇನ್ನೊಮ್ಮೆ 41 ದಿನಕ್ಕೆ. ಮೊದಲ ಎರಡು ಮೂರು ವರ್ಷ 21ರಿಂದ 45 ದಿನದ ಒಳಗೆ ಹೇಗೆ ಬಂದರೂ ಸಾಮಾನ್ಯ. ಕಾರಣ ಆಗಲೇ ಹೇಳಿದ ತಿರುವು. ಈಸ್ಟ್ರೋಜನ್ ತುಂಬಿದರೂ ಎಲ್‌ಎಚ್ ಧುಮುಕದಿದ್ದರೆ ಆ ತಿಂಗಳು ಅಂಡ ಹೊರಬರುವುದಿಲ್ಲ. ಅಂಡ ಬಾರದಿದ್ದರೆ ಹಳದಿ ಗಂಟಿಲ್ಲ, ಗಂಟಿಲ್ಲದಿದ್ದರೆ 14 ದಿನದ ಗಡಿಯಾರವೂ ಇಲ್ಲ. ಒಳಪದರ ಈಸ್ಟ್ರೋಜನ್ನಿನಿಂದಲೇ ದಪ್ಪವಾಗುತ್ತಾ ಹೋಗಿ ಯಾವಾಗಲೋ ಕಳಚುತ್ತದೆ. ಇಂಥ ಚಕ್ರಕ್ಕೆ ನಮ್ಮ ಕಳೆಯುವ ಸೂತ್ರ ಹೊಂದುವುದಿಲ್ಲ.

ಆದರೆ 90 ದಿನ ಕಳೆದರೂ ಬಾರದಿದ್ದರೆ, 7 ದಿನ ದಾಟಿಯೂ ನಿಲ್ಲದಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದು ಬದಲಿಸಬೇಕಾದರೆ, 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ ಮನೆಯಲ್ಲಿ ಹೇಳಿ ವೈದ್ಯರ ಬಳಿ ಹೋಗಬೇಕು. ಮುಖ ಬಿಳಿಚಿ ಗುಡ್ಡದ ದಾರಿ ಹತ್ತುವಾಗ ಏದುಸಿರು ಬರುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋದರೆ ಕಬ್ಬಿಣದ ಅಂಶ ಕುಗ್ಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಅದಕ್ಕೇ ಇರುವುದು. ಅದನ್ನು ಊಟದ ನಂತರ ನುಂಗಿ, ಕಿಟಕಿಯಾಚೆ ಎಸೆಯಬೇಡಿ.

ಕೊನೆಗೆ ಒಂದು ಲೆಕ್ಕ, ಉತ್ತರ ಸಮೇತ

ಅಣ್ಣನ ಮಗಳು ಊರಿಗೆ ಹೊರಡುವ ಹಿಂದಿನ ರಾತ್ರಿ ಇನ್ನೊಂದು ಕೊಟ್ಟೆ. ಮುಟ್ಟು ಆಗಸ್ಟ್ 9ಕ್ಕೆ ಶುರು, 13ಕ್ಕೆ ನಿಂತಿತು, ಮುಂದಿನದು ಸೆಪ್ಟೆಂಬರ್ 3ಕ್ಕೆ. ಈ ಸಲ ಕ್ಯಾಲೆಂಡರ್ ಮುಂದೆ ನಿಲ್ಲಲಿಲ್ಲ, ಒಲೆಯ ಬಳಿ ಕೂತೇ ಹಾಳೆಯಲ್ಲಿ ಗೆರೆ ಎಳೆದಳು. ಆಗಸ್ಟ್ 9ರಿಂದ 31ರವರೆಗೆ 23, ಸೆಪ್ಟೆಂಬರ್ 1 ಮತ್ತು 2 ಸೇರಿ 25. ಬಲತುದಿಯಿಂದ 14 ಮನೆ ತೆಗೆದಿಟ್ಟಳು. ಉಳಿದದ್ದು 11, ಅಂದರೆ ಆಗಸ್ಟ್ 19. ಒಂದು ಕ್ಷಣ ಹಾಳೆಯನ್ನೇ ನೋಡಿದಳು.

"ಅತ್ತೆ, ನಿಂತು ಆರೇ ದಿನಕ್ಕೆ ಅಂಡ ಬಂತಲ್ಲ, ಇದು ಸರಿಯಾ?"

"ಸರಿ. ಎಲ್ಲಿ ಕಡಿಮೆಯಾಯ್ತು ಹೇಳು?"

"ಮೊದಲ ಭಾಗದಲ್ಲಿ. ಚೀಲ ಬೇಗ ಬೆಳೀತು" ಎಂದಳು.